ಶುಗರ್ ಸರಿಯಿದೆ, ಎಚ್‌ಬಿಎ1ಸಿ ಮಾತ್ರ ಹೆಚ್ಚು: ಯಾವುದನ್ನು ನಂಬಬೇಕು?

ಪ್ರಶ್ನೆ: ನನಗೆ 36 ವರ್ಷ. ಖಾಲಿ ಹೊಟ್ಟೆಯ ಶುಗರ್ 88, ಊಟವಾಗಿ ಎರಡು ಗಂಟೆಗೆ 118. ಆದರೆ ಎಚ್‌ಬಿಎ1ಸಿ 6.1 ಬಂದಿದೆ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದಿದ್ದಾರೆ. ಅದೇ ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ 8.2 ಇದೆ. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚು. ನನಗೆ ನಿಜಕ್ಕೂ ಸಕ್ಕರೆ ಕಾಯಿಲೆ ಶುರುವಾಗಿದೆಯೇ?

ಉತ್ತರ: ಈ 6.1ನ್ನು ಆಧಾರವಾಗಿಟ್ಟುಕೊಂಡು ಹಾಗೆ ಹೇಳಲು ಬರುವುದಿಲ್ಲ. ಕಾರಣ ನಿಮ್ಮ ರಿಪೋರ್ಟಿನಲ್ಲೇ ಇದೆ: ಹಿಮೋಗ್ಲೋಬಿನ್ ಆ 8.2, ಅಂದರೆ ರಕ್ತಹೀನತೆ.

ಎಚ್‌ಬಿಎ1ಸಿ ಸಕ್ಕರೆಯನ್ನು ನೇರವಾಗಿ ಅಳೆಯುವುದಿಲ್ಲ. ರಕ್ತದಲ್ಲಿರುವ ಗ್ಲೂಕೋಸ್ ಕೆಂಪು ರಕ್ತಕಣದ ಒಳಹೊಕ್ಕು ಹಿಮೋಗ್ಲೋಬಿನ್ನಿಗೆ ತಾನಾಗಿ ಅಂಟಿಕೊಳ್ಳುತ್ತದೆ, ಒಮ್ಮೆ ಗಟ್ಟಿಯಾಗಿ ಅಂಟಿದರೆ ಆ ಕಣ ಸಾಯುವವರೆಗೂ ಬಿಡುವುದಿಲ್ಲ. ನೂರರಲ್ಲಿ ಎಷ್ಟು ಪಾಲು ಹಿಮೋಗ್ಲೋಬಿನ್ನಿಗೆ ಹೀಗೆ ಅಂಟಿದೆ ಎಂಬುದೇ ಎಚ್‌ಬಿಎ1ಸಿ. ಕೆಂಪುಕಣ ಬದುಕುವುದು ಸುಮಾರು 120 ದಿನ. ನಿಮ್ಮ ರಕ್ತದಲ್ಲಿ ಇವತ್ತು ಹುಟ್ಟಿದ ಕಣವೂ ಇದೆ, ನಾಳೆ ಸಾಯಲಿರುವ ಕಣವೂ ಇದೆ. ಹಾಗಾಗಿ ಎಲ್ಲ ವಯಸ್ಸಿನ ಕಣಗಳ ಲೆಕ್ಕ ಸೇರಿ ಎರಡು ಮೂರು ತಿಂಗಳ ಸರಾಸರಿ ಸಿಗುತ್ತದೆ. ಆದರೆ ಮೂರೂ ತಿಂಗಳಿಗೆ ಸಮಪಾಲಿಲ್ಲ: ಫಲಿತಾಂಶದ ಅರ್ಧದಷ್ಟು ಕಳೆದ ಒಂದೇ ತಿಂಗಳಿನದು. ಪರೀಕ್ಷೆಗೆ ಮುಂಚೆ ಎರಡು ದಿನ ಪಥ್ಯ ಮಾಡಿದರೆ ಸಂಖ್ಯೆ ಇಳಿಯುವುದಿಲ್ಲ, ಒಂದು ತಿಂಗಳು ಮಾಡಿದರೆ ಇಳಿಯಬಹುದು.

ಅಂದರೆ ಈ ಸಂಖ್ಯೆಯನ್ನು ನಿರ್ಧರಿಸುವುದು ಎರಡು: ರಕ್ತದಲ್ಲಿ ಎಷ್ಟು ಸಕ್ಕರೆ ಇತ್ತು, ಕಣ ಅದರಲ್ಲಿ ಎಷ್ಟು ದಿನ ಮುಳುಗಿತ್ತು. ಪರೀಕ್ಷೆ ಎರಡನೆಯದನ್ನು ಎಲ್ಲರಿಗೂ ಒಂದೇ ಎಂದು ಎಣಿಸಿಬಿಡುತ್ತದೆ. ಎಡವಟ್ಟಾಗುವುದು ಇಲ್ಲೇ.

ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ಕಬ್ಬಿಣದ ಕೊರತೆಯಾಗಬಹುದು. ಆಗ ಮೂಳೆಮಜ್ಜೆಯಿಂದ ಹೊಸ ಕಣಗಳು ನಿಧಾನವಾಗಿ ಬರುತ್ತವೆ. ರಕ್ತದಲ್ಲಿ ಹಳೆಯ ಕಣಗಳ ಪಾಲು ಹೆಚ್ಚುತ್ತದೆ. ಹಳೆಯವು ಹೆಚ್ಚು ದಿನ ಸಕ್ಕರೆಯಲ್ಲಿ ಇದ್ದವು, ಹೆಚ್ಚು ಅಂಟಿಸಿಕೊಂಡವು. ಸಕ್ಕರೆ ಏರದಿದ್ದರೂ ಎಚ್‌ಬಿಎ1ಸಿ ಏರಿದಂತೆ ಕಾಣುತ್ತದೆ. ಬಿ12 ಕೊರತೆಯಲ್ಲೂ ಹೀಗಾಗಬಹುದು.

ನಿಮ್ಮ ಸಂಖ್ಯೆಗಳನ್ನೇ ಲೆಕ್ಕ ಹಾಕೋಣ. ಎಚ್‌ಬಿಎ1ಸಿಯನ್ನು 28.7ರಿಂದ ಗುಣಿಸಿ 46.7 ಕಳೆದರೆ ಸರಾಸರಿ ಶುಗರ್ ಸಿಗುತ್ತದೆ. 6.1ಕ್ಕೆ ಅದು ಸುಮಾರು 128. ನಿಮಗೆ ಊಟವಾದ ಮೇಲೂ 118 ಇದೆ, ಖಾಲಿ ಹೊಟ್ಟೆಯಲ್ಲಿ 88. ಇಡೀ ದಿನದ ಸರಾಸರಿ 128 ಆಗಬೇಕಾದರೆ ನೀವು ಅಳೆಯದ ಹೊತ್ತಿನಲ್ಲಿ ಶುಗರ್ ಸಾಕಷ್ಟು ಮೇಲೇರಿರಬೇಕು. ಹಾಗೆ ಏರುತ್ತಿಲ್ಲ ಎಂದು ಎರಡೇ ರೀಡಿಂಗ್‌ನಿಂದ ಹೇಳಲಾಗದು. ಒಂದು ವಾರ ಬೇರೆ ಬೇರೆ ಹೊತ್ತಿನಲ್ಲಿ, ಊಟವಾದ ಒಂದು ಗಂಟೆಗೂ, ಅಳೆದು ಬರೆದಿಡಿ. ಆ ಸರಾಸರಿಯೂ 105ರ ಆಸುಪಾಸಿನಲ್ಲೇ ನಿಂತರೆ ಅದಕ್ಕೆ ಹೊಂದುವ ಎಚ್‌ಬಿಎ1ಸಿ 5.3, ತಪ್ಪು ದಾರಿಗೆ ಎಳೆಯುತ್ತಿರುವುದು ರಕ್ತಹೀನತೆ ಎಂಬ ಅನುಮಾನ ಬಲವಾಗುತ್ತದೆ. ತೀರ್ಮಾನಕ್ಕೆ ಲ್ಯಾಬಿನಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡುವ ಪರೀಕ್ಷೆ ಕೇಳಿ. ಅದರಲ್ಲಿ 140ಕ್ಕಿಂತ ಕಡಿಮೆ ಬಂದರೆ ಸಹಜ, 140ರಿಂದ 199 ಹೊಸ್ತಿಲು, 200 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕಾಯಿಲೆ. ಜೊತೆಗೆ ಫೆರಿಟಿನ್ ಮಾಡಿಸಿ, ಕಬ್ಬಿಣದ ದಾಸ್ತಾನು ಬರಿದಾಗಿದೆಯೇ ಎಂಬುದು ಅದರಿಂದ ತಿಳಿಯುತ್ತದೆ. ರಕ್ತಸ್ರಾವದ ಕಾರಣವನ್ನೂ ವೈದ್ಯರಿಂದ ತಿಳಿದುಕೊಳ್ಳಿ, ಅದು ನಿಲ್ಲದೆ ಮಾತ್ರೆಯಷ್ಟರಿಂದ ಹಿಮೋಗ್ಲೋಬಿನ್ ನಿಲ್ಲುವುದಿಲ್ಲ.

ಇನ್ನೊಂದು ವಿಷಯದಲ್ಲಿ ಹಲವರು ಎಡವುತ್ತಾರೆ. ಕಬ್ಬಿಣದ ಮಾತ್ರೆ ಶುರು ಮಾಡಿದ ಮೇಲೆ ಮಜ್ಜೆ ಒಮ್ಮೆಲೇ ಎಳೆಯ ಕಣಗಳನ್ನು ಬಿಡುತ್ತದೆ, ಅವಕ್ಕೆ ಸಕ್ಕರೆ ಅಂಟಿರುವುದಿಲ್ಲ. ಆಗ ಎಚ್‌ಬಿಎ1ಸಿ ಇದ್ದಕ್ಕಿದ್ದಂತೆ ಇಳಿಯುತ್ತದೆ. ಇದು ಪಥ್ಯದ ಫಲವೂ ಅಲ್ಲ, ಶುಗರ್ ಔಷಧದ ಫಲವೂ ಅಲ್ಲ. ಹಿಮೋಗ್ಲೋಬಿನ್ ಒಂದು ಮಟ್ಟದಲ್ಲಿ ನಿಂತು ಮೂರು ತಿಂಗಳಾದ ಮೇಲೆ ಮತ್ತೆ ಮಾಡಿಸಿ.

ತದ್ವಿರುದ್ಧ ಪರಿಸ್ಥಿತಿ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಕಣಗಳು ಬೇಗ ಒಡೆಯುವ ಕಾಯಿಲೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ, ಇತ್ತೀಚೆಗೆ ಏಕಾಏಕಿ ರಕ್ತ ಹೋಗಿರುವುದು ಅಥವಾ ರಕ್ತ ಏರಿಸಿರುವುದು, ಡಯಾಲಿಸಿಸ್‌ನಲ್ಲಿ ಕೆಂಪುಕಣ ಹೆಚ್ಚಿಸಲು ಕೊಡುವ ಎರಿತ್ರೊಪೊಯೆಟಿನ್ ಚುಚ್ಚುಮದ್ದು, ಗರ್ಭಾವಸ್ಥೆಯ ಎರಡನೆಯ ಮತ್ತು ಮೂರನೆಯ ತ್ರೈಮಾಸಿಕ: ಇವುಗಳಲ್ಲಿ ಎಚ್‌ಬಿಎ1ಸಿ ಸುಳ್ಳೇ ಕಡಿಮೆ ತೋರಬಹುದು. ಶುಗರ್ 200ರ ಮೇಲೆ ಓಡಾಡುತ್ತಿದ್ದರೂ ಕಾಗದದ ಮೇಲೆ 6 ಕಂಡು ರೋಗಿಯೂ ವೈದ್ಯರೂ ನಿಶ್ಚಿಂತರಾಗುವ ಅಪಾಯವಿದೆ. ಕುಡಗೋಲು ಕಣ ಕಾಯಿಲೆ ಪೂರ್ಣವಾಗಿ ಇರುವವರಲ್ಲಂತೂ ಈ ಪರೀಕ್ಷೆಯನ್ನು ನೆಚ್ಚಲೇಬಾರದು. ಅಂಥವರಿಗೆ ಗ್ಲುಕೋಮೀಟರ್ ಅಥವಾ ಸೆನ್ಸರ್ ರೀಡಿಂಗ್ ಇವೆ, ಫ್ರಕ್ಟೋಸಮೀನ್ ಪರೀಕ್ಷೆಯೂ ಇದೆ. ಅದು ರಕ್ತದ ಪ್ರೋಟೀನುಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುತ್ತದೆ, ಎರಡು ಮೂರು ವಾರದ ಸರಾಸರಿ ಕೊಡುತ್ತದೆ, ಕೆಂಪುಕಣದ ಆಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ.