ಆ ಎರಡು ಎಲ್ಲಿಂದ ಬಂತು?

ಕಟ್ಟಡಗಳ ವಿನ್ಯಾಸದ ಲೆಕ್ಕವನ್ನು ಪರಿಶೀಲಿಸಿ ಸಹಿ ಹಾಕುವುದು ಕೆಲವು ವರ್ಷಗಳಿಂದ ನನ್ನ ಮುಖ್ಯ ಕೆಲಸ. ಈಗ ಬರುವ ಹಾಳೆಗಳು ನೋಡಲು ಬಹಳ ಅಂದವಾಗಿರುತ್ತವೆ. ಮೇಲೆ ಕಚೇರಿಯ ಲಾಂಛನ, ಕೆಳಗೆ ಹಸಿರು ಬಣ್ಣದಲ್ಲಿ ‘ಸುರಕ್ಷಿತ’ ಎಂಬ ಮುದ್ರೆ. ನಡುವೆ ಒಂದು ಅಂಕಿಯ ಮೇಲೆ ಬೆರಳಿಟ್ಟು ‘ಇದು ಎಲ್ಲಿಂದ ಬಂತಪ್ಪಾ?’ ಎಂದು ಕೇಳಿದರೆ ಮಾತ್ರ ಮೌನ. ಸ್ವಲ್ಪ ಹೊತ್ತಾದ ಮೇಲೆ ಉತ್ತರ ಬರುತ್ತದೆ: ‘ಎಕ್ಸೆಲ್‌ನಲ್ಲಿ ಇದೆ ಸರ್.’

ಎಕ್ಸೆಲ್‌ನಲ್ಲಿ ಇರುವುದು ನನಗೂ ಗೊತ್ತು. ಎಕ್ಸೆಲ್‌ನಲ್ಲಿ ಎಲ್ಲಿ ಎಂಬುದೇ ಪ್ರಶ್ನೆ.

ಒಂದು ಬೀಮಿನ ಕಥೆ ಹೇಳುತ್ತೇನೆ. ಮನೆಯೆಂದು ಯೋಜಿಸಿದ್ದ ಕಟ್ಟಡ. ಇನ್ನೂ ಪಾಯ ತೆಗೆಯುತ್ತಿದ್ದಾಗಲೇ ಮಾಲೀಕರು ಮನಸ್ಸು ಬದಲಿಸಿ, ಮೊದಲ ಮಹಡಿಯನ್ನು ಲೆಕ್ಕಪರಿಶೋಧಕರೊಬ್ಬರ ಕಚೇರಿಗೆ ಕೊಡುವುದಾಗಿ ಹೇಳಿದರು. ಕಡತಗಳೆಲ್ಲ ಕೆಲಸದ ಕೋಣೆಗಳಲ್ಲೇ ಇರುತ್ತವೆ, ಬೇರೆ ಉಗ್ರಾಣವಿಲ್ಲ. ಭಾರತೀಯ ಸಂಹಿತೆ ಐಎಸ್ 875ರ ಎರಡನೆಯ ಭಾಗದ ಪ್ರಕಾರ ಮನೆಯ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ ಚರಭಾರ, ಅಂದರೆ ಜನ ಮತ್ತು ಸಾಮಾನುಗಳ ಭಾರ, ಹಿಡಿದರೆ ಸಾಕು. ಇಂಥ ಕಚೇರಿಗೆ 4 ಬೇಕು. ವಿನ್ಯಾಸ ಮಾಡಿದ ಹುಡುಗ ಬುದ್ಧಿವಂತ. ಹಾಳೆಯ ಮೇಲ್ಭಾಗದಲ್ಲಿ ‘ಚರಭಾರ’ ಎಂಬ ಸಾಲಿನಲ್ಲಿದ್ದ 2 ಅನ್ನು ಅಳಿಸಿ 4 ಮಾಡಿದ, ಮುದ್ರಿಸಿ ಕಳುಹಿಸಿದ. ಫಲಿತಾಂಶ: 628 ಚದರ ಮಿಲಿಮೀಟರ್ ಕಂಬಿ, ‘ಸುರಕ್ಷಿತ’. ಮನೆಯ ಲೆಕ್ಕದಲ್ಲಿ ಇದ್ದದ್ದೂ 628ವೇ.

ಅದನ್ನು ಕಂಡೇ ನನಗೆ ಅನುಮಾನ ಬಂದದ್ದು. ಎಕ್ಸೆಲ್ ಕಡತವನ್ನೇ ತರಿಸಿ ಬೀಮಿನ ಮೇಲಿನ ಭಾರವನ್ನು ಲೆಕ್ಕಿಸುವ ಕೋಶವನ್ನು ತೆರೆದು ನೋಡಿದೆ:

```
=1.5*((3.125+1+2)*3+1.87)
```

ಮೇಲಿನ ಸಾಲಿನಲ್ಲಿರುವ 4ಕ್ಕೂ ಈ ಸೂತ್ರಕ್ಕೂ ಯಾವ ನಂಟೂ ಇಲ್ಲ. ಎಂದೋ ಅವಸರದಲ್ಲಿ ಸೂತ್ರದೊಳಗೇ ಟೈಪ್ ಮಾಡಿದ 2 ಅಲ್ಲೇ ಕೂತಿದೆ. ಮೇಲಿನ ಅಂಕಿ ಬರೀ ಅಲಂಕಾರ.

ಲೆಕ್ಕವನ್ನು ಕೈಯಲ್ಲಿ ಮಾಡಿ ನೋಡೋಣ. ಬೀಮು 230ಕ್ಕೆ 450 ಮಿಲಿಮೀಟರ್, ಆಧಾರಗಳ ನಡುವಿನ ಅಂತರ 5 ಮೀಟರ್, ಎರಡೂ ತುದಿಯಲ್ಲಿ ಸರಳ ಆಧಾರ. 3 ಮೀಟರ್ ಅಗಲದ ಸ್ಲ್ಯಾಬಿನ ಭಾರ ಅದರ ಮೇಲೆ ಬರುತ್ತದೆ. 125 ಮಿಲಿಮೀಟರ್ ಸ್ಲ್ಯಾಬಿಗೆ 3.125, ನೆಲಹಾಸಿಗೆ 1, ಚರಭಾರ 4, ಒಟ್ಟು ಚದರ ಮೀಟರಿಗೆ 8.125 ಕಿಲೋನ್ಯೂಟನ್. ಮೂರರಿಂದ ಗುಣಿಸಿ, ಸ್ಲ್ಯಾಬಿನಿಂದ ಕೆಳಗಿರುವ ಬೀಮಿನ ಸ್ವಂತ ತೂಕ 1.87 ಸೇರಿಸಿದರೆ ಮೀಟರಿಗೆ 26.24. ಅದರ ಒಂದೂವರೆ ಪಟ್ಟು 39.4. ಬಾಗುಬಲ 123 ಕಿಲೋನ್ಯೂಟನ್ ಮೀಟರ್. ಹಳೆಯ 2 ಇಟ್ಟುಕೊಂಡರೆ ಅದು 95 ಮಾತ್ರ. ಎಂ25 ಕಾಂಕ್ರೀಟ್, 500 ದರ್ಜೆಯ ಕಂಬಿ, 409 ಮಿಲಿಮೀಟರ್ ಪರಿಣಾಮಕಾರಿ ಆಳ ಇದ್ದರೆ 123ಕ್ಕೆ ಬೇಕಾದದ್ದು ಸುಮಾರು 842 ಚದರ ಮಿಲಿಮೀಟರ್ ಕಂಬಿ. ಕೊಟ್ಟಿರುವ 628 ತಡೆಯುವುದು 97ರವರೆಗೆ.

ಆ ಬೀಮು ಹಾಗೆಯೇ ಕಟ್ಟಿದ್ದರೆ ಬೀಳುತ್ತಿತ್ತು ಎಂದು ನಾನು ಹೇಳಲಾರೆ. ಬಹುಶಃ ಬೀಳುತ್ತಿರಲಿಲ್ಲ. ಭಾರದ ಮೇಲೆ ನಾವು ಇಟ್ಟುಕೊಳ್ಳುವ ಒಂದೂವರೆ ಪಟ್ಟಿನ ರಕ್ಷಣೆ 1.18ಕ್ಕೆ ಇಳಿದು, ಅದು ಯಾರಿಗೂ ತಿಳಿಯದೆ ಮಹಡಿಯೊಳಗೆ ಉಳಿಯುತ್ತಿತ್ತು. ಬಿರುಕು ಕಂಡ ದಿನ ಎಲ್ಲರೂ ಸಿಮೆಂಟನ್ನು ಬೈಯುತ್ತಿದ್ದರು.

ಹಾಗಾದರೆ ಸೂತ್ರದೊಳಗೆ ಅಂಕಿಯೇ ಇರಬಾರದೇ ಎಂದು ಕೇಳುತ್ತಾರೆ. ಇಲ್ಲೇ ಜನ ಎಡವುವುದು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಾಗುಬಲದ ಸೂತ್ರದಲ್ಲಿ ಭಾರವನ್ನು ಅಂತರದ ವರ್ಗದಿಂದ ಗುಣಿಸಿ 8ರಿಂದ ಭಾಗಿಸುತ್ತೇವೆ. ಆ 8 ಗಣಿತದಿಂದ ಬಂದದ್ದು, ಸರಳ ಆಧಾರದ ಬೀಮಿಗೆ ಸಮಭಾರ ಇರುವಷ್ಟು ಕಾಲ ಅದನ್ನು ಯಾವ ಮಾಲೀಕರೂ ಬದಲಿಸಲಾರರು. ಅದು ಸೂತ್ರದಲ್ಲೇ ಇರಲಿ. ಆದರೆ 1.5 ಒಂದು ನಿರ್ಧಾರ, ಐಎಸ್ 456ರ ಕೋಷ್ಟಕ 18ರಿಂದ ಆರಿಸಿಕೊಂಡದ್ದು. ಗಾಳಿಯನ್ನೂ ಸೇರಿಸಿದರೆ ಅದೇ ಕೋಷ್ಟಕದಲ್ಲಿ 1.2 ಬರುತ್ತದೆ. ಯಾರಾದರೂ ನಿರ್ಧರಿಸಿದ, ಅಳೆದ ಅಥವಾ ಸಂಹಿತೆಯಿಂದ ತೆಗೆದ ಅಂಕಿಗೆ ತನ್ನದೇ ಸಾಲು ಬೇಕು. ಆ ಸಾಲಿನಲ್ಲಿ ಹೆಸರು, ಸಂಕೇತ, ಬೆಲೆ, ಮಾನ, ಮೂಲ ಇರಬೇಕು. ಅದು ಒಂದೇ ಕಡೆ ಇರಬೇಕು, ಉಳಿದ ಸೂತ್ರಗಳೆಲ್ಲ ಅಲ್ಲಿಂದಲೇ ತೆಗೆದುಕೊಳ್ಳಬೇಕು. 1.5 ಭಾರದ ಹಾಳೆಯಲ್ಲೂ ಬಾಗುಬಲದ ಹಾಳೆಯಲ್ಲೂ ಸೇರಿ 2.25 ಆಗಿ ಬಂದದ್ದನ್ನೂ ನಾನು ಕಂಡಿದ್ದೇನೆ. ಆ ಮಾಲೀಕರು ಪಾಪ, ಕಂಬಿಗೆ ದುಡ್ಡು ಸುರಿದರು.

ಮಾನಕ್ಕೆ ಬೇರೆಯೇ ಕೋಶ ಕೊಡಿ. ‘4 kN/m²’ ಎಂದು ಬೆಲೆಯ ಕೋಶದಲ್ಲೇ ಬರೆದರೆ ಎಕ್ಸೆಲ್ ಅದನ್ನು ಪಠ್ಯವೆಂದು ತಿಳಿದು ಲೆಕ್ಕವನ್ನೇ ಮುರಿಯುತ್ತದೆ. ಮಾನ ಬದಲಾಗುವ ಜಾಗವೂ ಕಣ್ಣಿಗೆ ಕಾಣಬೇಕು. ಭಾರ ಮತ್ತು ಬಾಗುಬಲ ಕಿಲೋನ್ಯೂಟನ್, ಮೀಟರ್‌ಗಳಲ್ಲಿ ಇರುತ್ತವೆ. ಕಂಬಿಯ ಲೆಕ್ಕ ನ್ಯೂಟನ್, ಮಿಲಿಮೀಟರ್‌ಗೆ ಇಳಿಯುತ್ತದೆ. ನಡುವೆ 10ರ ಆರನೆಯ ಘಾತದಿಂದ ಗುಣಿಸುವ ಹೆಜ್ಜೆಯನ್ನು ಸೂತ್ರದ ಬಾಲಕ್ಕೆ ಅಂಟಿಸದೆ ಒಂದು ಸಾಲಾಗಿ ಬರೆದರೆ ನನ್ನಂಥವರ ಅರ್ಧ ಗಂಟೆ ಉಳಿಯುತ್ತದೆ.

ಪರಿಶೀಲಕನ ಕೈಗೆ ಬರುವುದು ಹೆಚ್ಚಾಗಿ ಕಾಗದ ಅಥವಾ ಪಿಡಿಎಫ್. ಅದರಲ್ಲಿ ಸೂತ್ರಗಳು ಮಾಯವಾಗಿ ಉತ್ತರಗಳಷ್ಟೇ ಉಳಿಯುತ್ತವೆ. ಆದ್ದರಿಂದ ಉತ್ತರದ ಪಕ್ಕದಲ್ಲಿ ಸೂತ್ರ ಓದುವಂತೆ ಇರಬೇಕು. ಕೈಯಲ್ಲಿ ಟೈಪ್ ಮಾಡಿದ ಸೂತ್ರವನ್ನು ನಾನು ಪೂರ್ತಿ ನಂಬುವುದಿಲ್ಲ, ಏಕೆಂದರೆ ಕೋಶದಲ್ಲಿ ಬೇರೆಯದೇ ಇರಬಹುದು. ಕೋಶಗಳಿಗೆ ಹೆಸರಿಟ್ಟು ಎಕ್ಸೆಲ್‌ನ FORMULATEXT ಬಳಸಿದರೆ ಕೋಶದಲ್ಲಿ ನಿಜವಾಗಿ ಇರುವುದೇ ಮುದ್ರಣದಲ್ಲೂ ಬರುತ್ತದೆ. ಮೇಲಿನ ಭಾರದ ಸೂತ್ರವೇ ಆಗ ಹೀಗೆ ಕಾಣುತ್ತದೆ:

```
=gf*((ws+wf+LL)*B+wb)
```

ಹೆಸರಿಡುವಾಗ ಒಂದು ಎಚ್ಚರ. `LL1`, `w1` ಎಂಬವನ್ನು ಎಕ್ಸೆಲ್ ಕೋಶದ ವಿಳಾಸವೆಂದು ತಿಳಿದು ನಿರಾಕರಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಕಳುಹಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಪ್ರತಿ ಒಳಗಣ ಅಂಕಿಯನ್ನೂ ಒಂದೊಂದಾಗಿ ದುಪ್ಪಟ್ಟು ಮಾಡಿ, ಕೊನೆಯ ಉತ್ತರ ಅಲುಗಾಡುತ್ತದೆಯೇ ನೋಡಿ, ಮತ್ತೆ ಹಿಂದಿನಂತೆ ಇಡಿ. ಅಲುಗಾಡದ ಅಂಕಿ ಎಲ್ಲೋ ತುಂಡಾಗಿದೆ. ಇದು ತಪ್ಪು ಸೂತ್ರವನ್ನು ಹಿಡಿಯುವುದಿಲ್ಲ, ತುಂಡಾದ ಕೊಂಡಿಯನ್ನು ಮಾತ್ರ ಹಿಡಿಯುತ್ತದೆ.

ಹುಡುಗ ಬೇಸರಿಸದೆ ಹಾಳೆಯನ್ನು ಹೊಸದಾಗಿ ಬರೆದ. ‘ಮೂಲ’ ಎಂಬ ಕಾಲಮ್ಮಿನಲ್ಲಿ ಸಂಹಿತೆಗಳ ಹೆಸರು, ನಕ್ಷೆಯ ದಿನಾಂಕ ಎಲ್ಲವೂ ಇದ್ದವು. ನೆಲಹಾಸಿನ 1 ಕಿಲೋನ್ಯೂಟನ್ ಎದುರು ಮಾತ್ರ ‘ಹಳೆಯ ಹಾಳೆಯಿಂದ’ ಎಂದಿತ್ತು. ಆ ಪ್ರಾಮಾಣಿಕತೆ ಕಂಡು ನಗು ಬಂತು. ‘ವಾಸ್ತುಶಿಲ್ಪಿಗಳಿಗೆ ಒಂದು ಫೋನ್ ಮಾಡಪ್ಪಾ’ ಎಂದೆ. ಗಾರೆಯೂ ಗ್ರಾನೈಟೂ ಸೇರಿ 75 ಮಿಲಿಮೀಟರ್ ದಪ್ಪವಂತೆ. ಅಂದರೆ ಸುಮಾರು 1.8. ಆ ಒಂದು ಕೋಶ ತಿದ್ದಿದ ಕೂಡಲೇ ಬಾಗುಬಲ 134 ಆಯಿತು. ಒಂದೇ ಕಡೆ ಕಂಬಿ ಇರುವ ಆ ಬೀಮಿನ ಮಿತಿ 128. ಹಸಿರು ಮುದ್ರೆ ಕೆಂಪಾಯಿತು, ಬೀಮಿನ ಆಳ 500ಕ್ಕೆ ಹೋಯಿತು.