ಐಪಿಒಗೆ ಹಾಕಿದ ದುಡ್ಡು ಖಾತೆಯಲ್ಲೇ ಇರುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ

ಬೆಂಗಳೂರಿನ ರಾಜಾಜಿನಗರದ ಗಿರಿಜಾ ಅವರ ಉಳಿತಾಯ ಖಾತೆಯಲ್ಲಿ 60,000 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಕಂಪನಿಯೊಂದು ಮೊದಲ ಸಲ ಜನರಿಗೆ ಷೇರು ಮಾರುವ ಐಪಿಒಗೆ ಅವರು ಮೂರು ಲಾಟ್, ಅಂದರೆ ಷೇರುಗಳ ಮೂರು ಕಟ್ಟಿಗೆ ಅರ್ಜಿ ಹಾಕಿ, ದುಡ್ಡು ತಡೆಹಿಡಿಯಲು ಒಪ್ಪಿಗೆ ಕೇಳಿ ಫೋನಿಗೆ ಬಂದ ಯುಪಿಐ ಮ್ಯಾಂಡೇಟ್ ಒಪ್ಪಿ ಪಿನ್ ಒತ್ತಿದರು. ಒಂದು ಲಾಟಿಗೆ 15,000, ಒಟ್ಟು 45,000. ಈಗ ಖಾತೆ ತೆರೆದರೆ ಒಟ್ಟು ಬ್ಯಾಲೆನ್ಸ್ ಇನ್ನೂ 60,000 ಎಂದೇ ಇರುತ್ತದೆ. ಬಳಸಲು ಸಿಗುವ ಬ್ಯಾಲೆನ್ಸ್ ಮಾತ್ರ 15,000. ನಡುವಿನ 45,000ಕ್ಕೆ ಬ್ಯಾಂಕು 'ಲೀನ್' ಅಥವಾ 'ಹೋಲ್ಡ್' ಹಾಕಿದೆ, ಅಂದರೆ ಬ್ಲಾಕ್ ಮಾಡಿದೆ.

ದುಡ್ಡು ಖಾತೆ ಬಿಟ್ಟು ಹೋಗಿಲ್ಲ, ಹಾಗಾಗಿ ಅದಕ್ಕೆ ಉಳಿತಾಯ ಖಾತೆಯ ಬಡ್ಡಿ ಬರುತ್ತಲೇ ಇರುತ್ತದೆ. ಆದರೆ ಆ ವಾರ 18,000ದ ಸಾಲದ ಕಂತು ಬಂದರೆ? ಅದು ಬೌನ್ಸ್ ಆಗುತ್ತದೆ. ಕಂತಿಗೆ ಬೇಕಾಗುವುದು ಒಟ್ಟು ಬ್ಯಾಲೆನ್ಸ್ ಅಲ್ಲ, ಬಳಸಲು ಸಿಗುವ ದುಡ್ಡು. ಅರ್ಜಿ ಹಾಕುವ ಮುಂಚೆ ಕಂತಿನ ತಾರೀಖು ನೋಡಿಕೊಳ್ಳಿ.

ಇನ್ನು ಬಿಡುಗಡೆ. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ 2023ರ ಡಿಸೆಂಬರ್‌ನಿಂದ ಎಲ್ಲ ಐಪಿಒಗಳೂ ಅರ್ಜಿ ಹಾಕುವ ಅವಧಿ ಮುಗಿದ ಮೂರನೇ ಕೆಲಸದ ದಿನಕ್ಕೆ ಲಿಸ್ಟ್ ಆಗಬೇಕು, ಅಂದರೆ ಷೇರುಪೇಟೆಯಲ್ಲಿ ವಹಿವಾಟು ಶುರುವಾಗಬೇಕು. ಮೊದಲು ಇದಕ್ಕೆ ಆರು ದಿನ ಹಿಡಿಯುತ್ತಿತ್ತು. ಐಪಿಒ ಮಂಗಳವಾರ ಮುಗಿದರೆ, ಯಾರಿಗೆ ಎಷ್ಟು ಷೇರು ಎಂಬುದು ಬುಧವಾರ ತೀರ್ಮಾನವಾಗುತ್ತದೆ. ಗುರುವಾರ ಬ್ಲಾಕ್ ತೆಗೆಯಬೇಕು, ಶುಕ್ರವಾರ ಲಿಸ್ಟಿಂಗ್. ಗುರುವಾರ ಮುಗಿಯುವ ಐಪಿಒ ಆದರೆ ನಡುವೆ ಶನಿವಾರ, ಭಾನುವಾರ ಸೇರಿ ದುಡ್ಡು ಸೋಮವಾರದವರೆಗೂ ಸಿಕ್ಕಿಕೊಂಡಿರುತ್ತದೆ.

ಗಿರಿಜಾ ಅವರಿಗೆ ಒಂದೇ ಲಾಟ್ ಸಿಕ್ಕಿತು. ಬೇಡಿಕೆ ಜಾಸ್ತಿ ಇರುವ ಐಪಿಒಗಳಲ್ಲಿ ಸಣ್ಣ ಹೂಡಿಕೆದಾರರಿಗೆ ಸಿಕ್ಕರೆ ಸಾಮಾನ್ಯವಾಗಿ ಅಷ್ಟೇ. 15,000 ಖರ್ಚಾಯಿತು, 30,000 ಬಿಡುಗಡೆಯಾಯಿತು. ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇಲ್ಲೇ. ಸ್ಟೇಟ್‌ಮೆಂಟಿನಲ್ಲಿ 30,000 ಜಮಾ ಆದ ಸಾಲು ಹುಡುಕುತ್ತಾರೆ, ಸಿಗುವುದಿಲ್ಲ. ಹೋಗದ ದುಡ್ಡು ವಾಪಸ್ ಬರುವುದಾದರೂ ಹೇಗೆ, ಅಲ್ವಾ? ಅಲ್ಲಿ ಕಾಣುವುದು 15,000 ಕಳೆದ ಒಂದೇ ಸಾಲು. ಒಟ್ಟು ಬ್ಯಾಲೆನ್ಸ್ 60,000ದಿಂದ 45,000ಕ್ಕೆ ಇಳಿಯುತ್ತದೆ, ಬಳಸಲು ಸಿಗುವುದು 15,000ದಿಂದ 45,000ಕ್ಕೆ ಏರುತ್ತದೆ. ಎರಡೂ ಅಂಕಿ ಒಂದೇ ಆದರೆ ಬ್ಲಾಕ್ ಪೂರ್ತಿ ಹೋಗಿದೆ ಎಂದರ್ಥ. ಒಂದೂ ಷೇರು ಸಿಗದಿದ್ದರೆ ಸ್ಟೇಟ್‌ಮೆಂಟಿನಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ.

ಲಿಸ್ಟಿಂಗ್ ಆದ ಮೇಲೂ ಅಂಕಿಗಳು ಬೇರೆ ಬೇರೆ ಇದ್ದರೆ ಸುಮ್ನೆ ಕಾಯಬೇಡಿ. ಮೊದಲು ಷೇರು ಹಂಚಿಕೆಯ ಲೆಕ್ಕ ನೋಡುವ ಐಪಿಒದ ರಿಜಿಸ್ಟ್ರಾರ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಪ್ಯಾನ್ ಹಾಕಿ, ಎಷ್ಟು ಷೇರು ಸಿಕ್ಕಿದೆ ನೋಡಿ. ಅರ್ಜಿ ಸಂಖ್ಯೆ ಹಿಡಿದು ನಿಮ್ಮ ಬ್ಯಾಂಕಿಗೆ ದೂರು ಕೊಡಿ, ಅಲ್ಲಿ ಆಗದಿದ್ದರೆ ಸೆಬಿಯ ದೂರು ತಾಣವಾದ ಸ್ಕೋರ್ಸ್‌ನಲ್ಲಿ ಹಾಕಿ. ಬ್ಲಾಕ್ ತೆಗೆಯಲು ತಡವಾದರೆ ದಿನಕ್ಕೆ 100 ರೂಪಾಯಿ ಅಥವಾ ಅರ್ಜಿಯ ಮೊತ್ತಕ್ಕೆ ವರ್ಷಕ್ಕೆ ಶೇ 15ರ ಲೆಕ್ಕ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಪರಿಹಾರ ಕೊಡಬೇಕೆಂದು ಸೆಬಿ ಹೇಳಿದೆ. 45,000ಕ್ಕೆ ಶೇ 15 ಎಂದರೆ ದಿನಕ್ಕೆ ಸುಮಾರು 18 ರೂಪಾಯಿ. ಹಾಗಾಗಿ ಗಿರಿಜಾ ಅವರಿಗೆ ಸಿಗಬೇಕಾದ್ದು ದಿನಕ್ಕೆ 100.