ಜರ್ಮನಿಗೆ ಹೋದ ಮೇಲೂ ಊರಿನ ಬ್ಯಾಂಕಿನ ಒಟಿಪಿ ಬರಬೇಕಾದರೆ ಏನು ಮಾಡಬೇಕು?

ಓದುಗರ ಪ್ರಶ್ನೆ: ಅಕ್ಟೋಬರ್‌ನಲ್ಲಿ ಎಂ.ಎಸ್. ಓದಲು ಜರ್ಮನಿಗೆ ಹೊರಟಿದ್ದೇನೆ. ಅಲ್ಲಿ ಇಳಿದ ಮೇಲೆ ಅಲ್ಲಿಯ ಸಿಮ್ ತಗೊಳ್ಳಲೇಬೇಕು. ಆದರೆ ಎಜುಕೇಶನ್ ಲೋನು, ಉಳಿತಾಯ ಖಾತೆ, ಡೆಬಿಟ್ ಕಾರ್ಡು, ಆಧಾರ್ ಎಲ್ಲಕ್ಕೂ ಇಲ್ಲಿಯ ಪ್ರಿಪೇಯ್ಡ್ ನಂಬರೇ ಕೊಟ್ಟಿದ್ದೇನೆ. ಈ ಸಿಮ್ಮನ್ನು ಅಪ್ಪನ ಫೋನಿಗೆ ಹಾಕಿಟ್ಟು ಹೋಗಲಾ? ಒಟಿಪಿ ಬಂದಾಗ ವಾಟ್ಸಾಪ್ ಕಾಲ್ ಮಾಡಿ ಕೇಳಿಕೊಂಡರೆ ಸಾಕಲ್ವಾ?

ಉತ್ತರ: ಬೇಡ. ಸಿಮ್ ನಿಮ್ಮ ಜೊತೆಯಲ್ಲೇ ವಿಮಾನ ಹತ್ತಲಿ.

ಅಪ್ಪನ ಫೋನಿಗೆ ಹಾಕುವ ಉಪಾಯ ತುಂಬಾ ಮನೆಗಳಲ್ಲಿ ನಡೆಯುತ್ತಿದೆ, ಮೊದಲ ತಿಂಗಳು ಚೆನ್ನಾಗೇ ನಡೆಯುತ್ತದೆ ಕೂಡ. ಆಮೇಲೆ ತೊಡಕು ಶುರು. ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಜನವರಿಯಲ್ಲಿ ನೀವು ರಾತ್ರಿ ಒಂಬತ್ತಕ್ಕೆ ಕೂತು ಯಾವುದೋ ಫೀಸು ಕಟ್ಟಲು ಹೊರಟರೆ ಊರಲ್ಲಿ ಒಂದೂವರೆ. ಒಟಿಪಿಯ ಆಯಸ್ಸು ಕೆಲವೇ ನಿಮಿಷ. ಅಪ್ಪ ಎದ್ದು, ಕನ್ನಡಕ ಹುಡುಕಿ, ಮೆಸೇಜು ತೆಗೆಯುವಷ್ಟರಲ್ಲಿ ಅದು ಸತ್ತಿರುತ್ತದೆ.

ಇದಕ್ಕಿಂತ ನನಗೆ ಜಾಸ್ತಿ ಚಿಂತೆ ಹುಟ್ಟಿಸುವುದು, ಫೋನಿನಲ್ಲಿ ಒಟಿಪಿ ಓದಿ ಹೇಳುವ ಅಭ್ಯಾಸವನ್ನೇ ಮನೆಯವರಿಗೆ ನಾವು ಕಲಿಸುತ್ತಿರುತ್ತೇವೆ ಅನ್ನುವುದು. ಮುಂದೊಂದು ದಿನ 'ಬ್ಯಾಂಕಿನಿಂದ ಮಾತಾಡ್ತಿದ್ದೀವಿ' ಎಂದು ಕರೆ ಬಂದಾಗ ಆ ಅಭ್ಯಾಸವೇ ಕೈಕೊಡುತ್ತದೆ. 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಇಂಥ ಗುಟ್ಟಿನ ವಿವರ ಹೇಳಿ ಹಣ ಹೋದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಗ್ರಾಹಕರದ್ದೇ.

ಸರಿ, ಸಿಮ್ ಜೊತೆಗೆ ತಗೊಂಡು ಹೋದರೆ ಒಟಿಪಿ ತಾನಾಗಿ ಬರುತ್ತದಾ? ಎರಡು ವಿಷಯ ಸರಿಯಿದ್ದರೆ ಬರುತ್ತದೆ: ರೋಮಿಂಗ್ ಮತ್ತು ರೀಚಾರ್ಜಿನ ವ್ಯಾಲಿಡಿಟಿ.

ರೋಮಿಂಗ್ ಎಂದ ತಕ್ಷಣ ಸಾವಿರಾರು ರೂಪಾಯಿ ಬಿಲ್ಲು ಬರುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಒಟಿಪಿ ಮಟ್ಟಿಗೆ ಆ ಹೆದರಿಕೆ ಬೇಕಿಲ್ಲ. ಜಿಯೊ, ಏರ್‌ಟೆಲ್, ವಿಐ ಮೂರೂ ವಿದೇಶದಲ್ಲಿರುವಾಗ ಒಳಬರುವ ಎಸ್ಸೆಮ್ಮೆಸ್ಸಿಗೆ ದುಡ್ಡು ಹಾಕುವುದಿಲ್ಲ. ದುಡ್ಡು ಬೀಳುವುದು ಡೇಟಾಕ್ಕೆ, ಹೊರಹೋಗುವ ಮೆಸೇಜಿಗೆ ಮತ್ತು ಕರೆಗಳಿಗೆ. ಒಳಬರುವ ಕರೆಗೂ ಬೀಳುತ್ತದೆ ಎಂಬುದನ್ನು ಮರೆಯಬೇಡಿ. ಊರಿನ ನಂಬರಿಗೆ ಯಾರಾದರೂ ಫೋನ್ ಮಾಡಿದರೆ ಎತ್ತಬೇಡಿ, ವಾಟ್ಸಾಪಿನಲ್ಲಿ ವಾಪಸ್ ಮಾಡಿ.

ಇಲ್ಲಿ ಎರಡು ಸ್ವಿಚ್ಚುಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಇಂಟರ್‌ನ್ಯಾಷನಲ್ ರೋಮಿಂಗ್ ಎಂಬ ಸೇವೆ ಕಂಪನಿಯ ಕಡೆ ಆನ್ ಆಗಬೇಕು. ಅದನ್ನು ಕಂಪನಿಯ ಆ್ಯಪಿನಲ್ಲಿ ಅಥವಾ ಕಸ್ಟಮರ್ ಕೇರ್‌ಗೆ ಹೇಳಿ ಹೊರಡುವ ಮೊದಲೇ ಮಾಡಿಸಿಕೊಳ್ಳಿ. ಫೋನಿನ ಸೆಟ್ಟಿಂಗ್ಸಿನಲ್ಲಿ ಕಾಣುವ ಡೇಟಾ ರೋಮಿಂಗ್ ಬೇರೆಯದು. ಊರಿನ ಸಿಮ್ಮಿಗೆ ಅದು ಆಫ್ ಆಗಿಯೇ ಇರಲಿ. ಅದು ಆಫ್ ಇದ್ದರೂ ಎಸ್ಸೆಮ್ಮೆಸ್ ಬರುತ್ತದೆ. ಬಿಲ್ಲಿಗೆ ಹೆದರಿ ಸಿಮ್ಮನ್ನೇ ಆಫ್ ಮಾಡಿಟ್ಟು, ಒಟಿಪಿ ಬೇಕಾದಾಗ ಮಾತ್ರ ಆನ್ ಮಾಡುವವರಿದ್ದಾರೆ. ಆಗ ಫೋನು ಅಲ್ಲಿಯ ನೆಟ್‌ವರ್ಕ್ ಹುಡುಕಿ ನೋಂದಾಯಿಸಿಕೊಳ್ಳಲು ಸಮಯ ಹಿಡಿಯುತ್ತದೆ, ಒಟಿಪಿ ತಡವಾಗುತ್ತದೆ. ಸುಮ್ನೆ ಆನ್ ಇಟ್ಟಿರಿ.

ಜಾಸ್ತಿ ಜನ ಎಡವುವುದು ವ್ಯಾಲಿಡಿಟಿಯಲ್ಲಿ. 'ತೊಂಬತ್ತು ದಿನ ರೀಚಾರ್ಜ್ ಮಾಡದಿದ್ದರೂ ನಂಬರ್ ಹೋಗಲ್ಲ, ಇಪ್ಪತ್ತು ರೂಪಾಯಿ ಬ್ಯಾಲೆನ್ಸ್ ಇದ್ದರೆ ಸಾಕು' ಎಂಬ ಮಾತು ಕೇಳಿರುತ್ತೀರಿ. ಅದು ಗಾಳಿಮಾತಲ್ಲ, ಮೊಬೈಲ್ ಕಂಪನಿಗಳ ಮೇಲೆ ನಿಗಾ ಇಡುವ ಸಂಸ್ಥೆ ಟ್ರಾಯ್ 2013ರಲ್ಲಿ ತಂದ ನಿಯಮದಿಂದ ಬಂದದ್ದು. 90 ದಿನ ಬಳಸದೇ ಇದ್ದ ಪ್ರಿಪೇಯ್ಡ್ ನಂಬರಿನಲ್ಲಿ 20 ರೂಪಾಯಿಯೋ ಹೆಚ್ಚೋ ಇದ್ದರೆ ಅದರಲ್ಲಿ 20 ಹಿಡಿದುಕೊಂಡು ಇನ್ನೂ 30 ದಿನ ಉಳಿಸಬೇಕು ಎಂಬುದು ನಿಯಮ. ಆದರೆ ಅದು ಕಾಪಾಡುವುದು ನಂಬರಿನ ಒಡೆತನವನ್ನು ಮಾತ್ರ. ಪ್ಲಾನ್ ಮುಗಿದ ಮೇಲೆ ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನ ಬಿಟ್ಟು ಒಳಬರುವುದೂ ನಿಲ್ಲುತ್ತದೆ. ನಂಬರ್ ನಿಮ್ಮ ಹೆಸರಿನಲ್ಲೇ ಇರುತ್ತದೆ, ಒಟಿಪಿ ಮಾತ್ರ ಬರುವುದಿಲ್ಲ. ಇನ್ನೊಂದು ವಿಷಯ: ಬರೀ ಎಸ್ಸೆಮ್ಮೆಸ್ ಬರುತ್ತಿದ್ದರೆ ಆ ನಿಯಮದ ಲೆಕ್ಕದಲ್ಲಿ ಅದು 'ಬಳಕೆ' ಆಗುವುದಿಲ್ಲ.

ಆದ್ದರಿಂದ ಪ್ಲಾನ್ ಯಾವಾಗಲೂ ಚಾಲ್ತಿಯಲ್ಲಿರಬೇಕು. ಇದಕ್ಕೆ ದಿನಕ್ಕೆ ಎರಡು ಜಿಬಿ ಕೊಡುವ ಪ್ಲಾನ್ ಏಕೆ? ಡೇಟಾ ಇಲ್ಲದ, ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕ್ ಕೊಡಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿತು. ಮರು ತಿಂಗಳೇ ಏರ್‌ಟೆಲ್ 365 ದಿನಕ್ಕೆ 1,849 ರೂಪಾಯಿ, ಜಿಯೊ 336 ದಿನಕ್ಕೆ 1,748 ರೂಪಾಯಿಯ ಪ್ಯಾಕ್ ತಂದವು. ಬೆಲೆ ಏರಿಳಿಯುತ್ತಿರುತ್ತದೆ, ಹೊರಡುವಾಗ ನೋಡಿಕೊಳ್ಳಿ. ಆ ಬೆಲೆಗಳಲ್ಲಿ ತಿಂಗಳಿಗೆ 150ರಿಂದ 160 ರೂಪಾಯಿಯ ಲೆಕ್ಕ. ಸೆಪ್ಟೆಂಬರ್ ಕೊನೆಗೆ 336 ದಿನದ್ದು ಹಾಕಿಸಿದರೆ ಮುಂದಿನ ಆಗಸ್ಟ್ ಕೊನೆಗೆ ಮುಗಿಯುತ್ತದೆ, ಪೂರ್ತಿ ವರ್ಷ ಅಲ್ಲ. ಆ ತಾರೀಖನ್ನು ಅಪ್ಪನಿಗೆ ಹೇಳಿಟ್ಟು ಹೋಗಿ. ಅವರು ತಮ್ಮ ಯುಪಿಐನಿಂದಲೇ ನಿಮ್ಮ ನಂಬರಿಗೆ ರೀಚಾರ್ಜ್ ಮಾಡಬಹುದು. ಅಪ್ಪನ ಸಹಾಯ ನಿಜವಾಗಿ ಬೇಕಿರುವುದು ಇಲ್ಲಿ.

ಈಗ ಸಿಮ್ ಎಲ್ಲಿ ಕೂರಬೇಕು ಎಂಬ ಪ್ರಶ್ನೆ. ಎಲ್ಲರೂ ಊರಿನ ನಂಬರನ್ನು ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್, ಮಾಡಿಸಿಕೊಳ್ಳಿ ಅನ್ನುತ್ತಾರೆ. ನನ್ನ ಅಭಿಪ್ರಾಯ ಉಲ್ಟಾ. ಊರಿನದ್ದು ಪ್ಲಾಸ್ಟಿಕ್ ಸಿಮ್ಮಾಗಿಯೇ ಇರಲಿ, ಜರ್ಮನಿಯದ್ದನ್ನು ಇ-ಸಿಮ್ ತಗೊಳ್ಳಿ. ಅಲ್ಲಿ ಫೋನ್ ಕೆಟ್ಟರೆ ಪ್ಲಾಸ್ಟಿಕ್ ಸಿಮ್ಮನ್ನು ಎರಡು ನಿಮಿಷದಲ್ಲಿ ಇನ್ನೊಂದು ಫೋನಿಗೆ ಹಾಕಬಹುದು. ಕೆಟ್ಟ ಫೋನಿನಿಂದ ಊರಿನ ಇ-ಸಿಮ್ಮನ್ನು ಅಲ್ಲಿ ಕೂತು ಹೊಸ ಫೋನಿಗೆ ತರಿಸಿಕೊಳ್ಳುವುದು ದೊಡ್ಡ ತಲೆನೋವು. ನಿಮ್ಮ ಫೋನಿನಲ್ಲಿ ಬೇರೆ ದಾರಿಯೇ ಇಲ್ಲದೆ ಊರಿನದ್ದನ್ನೇ ಇ-ಸಿಮ್ ಮಾಡಿಸುವುದಾದರೆ ಹೊರಡುವ ಒಂದೆರಡು ವಾರ ಮೊದಲೇ ಮಾಡಿಸಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ತಡೆಹಿಡಿಯಬೇಕೆಂಬ ಸರ್ಕಾರದ ಸೂಚನೆ ಇದೆ. ಕದ್ದು ಸಿಮ್ ಬದಲಿಸುವವರನ್ನು ತಡೆಯಲು ಅದು. ಹಿಂದಿನ ದಿನ ಬದಲಿಸಿದರೆ ವಿಮಾನ ನಿಲ್ದಾಣದಲ್ಲಿ ಕಾರ್ಡ್ ಉಜ್ಜುವಾಗ ಒಟಿಪಿ ಇರುವುದಿಲ್ಲ.

ಬ್ಯಾಂಕಿನ ಆ್ಯಪ್ ಮತ್ತು ಯುಪಿಐ ಆ್ಯಪುಗಳದ್ದು ಬೇರೆ ಕತೆ. ಅವಕ್ಕೆ ಒಟಿಪಿ ಬಂದರೆ ಸಾಲದು. ಮೊದಲ ಸಲ ತೆರೆದಾಗ ಅವು ನಿಮ್ಮ ಫೋನಿನಿಂದಲೇ ಬ್ಯಾಂಕಿಗೆ ಒಂದು ಮೆಸೇಜ್ ಕಳಿಸಿ, ಈ ಸಿಮ್ ಈ ಫೋನಿನಲ್ಲೇ ಇದೆ ಎಂದು ಖಾತ್ರಿ ಮಾಡಿಕೊಳ್ಳುತ್ತವೆ. ಅಪ್ಪನ ಫೋನಿನಲ್ಲಿ ಸಿಮ್ ಇದ್ದರೆ ಈ ಹೆಜ್ಜೆಯೇ ದಾಟುವುದಿಲ್ಲ. ಇನ್ನು ಸಿಮ್ ನಿಮ್ಮ ಬಳಿಯೇ ಇದೆ, ಡಿಸೆಂಬರ್‌ನಲ್ಲಿ ಹೊಸ ಫೋನ್ ತಗೊಂಡಿರಿ ಅಂದುಕೊಳ್ಳಿ. ಒಟಿಪಿಗಳು ಬರುತ್ತಿವೆ, ಆದರೆ ಆ್ಯಪ್ ಪದೇ ಪದೇ 'ವೆರಿಫಿಕೇಶನ್ ಫೇಲ್ಡ್' ಅನ್ನುತ್ತದೆ. ಕಾರಣ ಇಷ್ಟೇ: ಆ ಮೆಸೇಜ್ ಹೊರಹೋಗುವಂಥದ್ದು, ರೋಮಿಂಗಿನಲ್ಲಿ ಅದಕ್ಕೆ ದುಡ್ಡು ಬೇಕು. ನಿಮ್ಮ ಪ್ಯಾಕಿನಲ್ಲಿರುವ ಎಸ್ಸೆಮ್ಮೆಸ್ಸುಗಳು ಭಾರತದೊಳಗಿನ ಬಳಕೆಗೆ. ಚಿಕ್ಕದೊಂದು ರೋಮಿಂಗ್ ಪ್ಯಾಕ್ ಹಾಕಿಸಿ, ಮೆಸೇಜಿಗೆ ಊರಿನ ಸಿಮ್ಮನ್ನೇ ಆರಿಸಿ ಮತ್ತೆ ಪ್ರಯತ್ನಿಸಿದರೆ ಸಾಮಾನ್ಯವಾಗಿ ದಾಟುತ್ತದೆ. ಈ ಖರ್ಚು ಬೇಡ ಅಂದರೆ, ಹೊಸ ಫೋನ್ ಊರಲ್ಲೇ ತಗೊಂಡು ಎಲ್ಲ ಆ್ಯಪ್ ನೋಂದಾಯಿಸಿಕೊಂಡು ಹೋಗಿ. ಅಲ್ಲಿ ಸುಮ್ನೆ ಆ್ಯಪ್ ಅಳಿಸಿ ಮತ್ತೆ ಹಾಕುವ ಪ್ರಯೋಗ ಮಾಡಬೇಡಿ.

ಇಳಿದ ಮೇಲೆ ಒಟಿಪಿ ಬರಲಿಲ್ಲ ಅನ್ನಿ. ಮೊದಲು ಮನೆಯಿಂದ ಒಂದು ಸಾದಾ ಎಸ್ಸೆಮ್ಮೆಸ್ ಕಳಿಸಲು ಹೇಳಿ, ವಾಟ್ಸಾಪ್ ಅಲ್ಲ. ಅದೂ ಬರದಿದ್ದರೆ ತೊಂದರೆ ಸಿಮ್ಮಿನದ್ದು: ವ್ಯಾಲಿಡಿಟಿ ಮುಗಿದಿದೆ, ಅಥವಾ ರೋಮಿಂಗ್ ಆನ್ ಆಗಿಲ್ಲ, ಅಥವಾ ಫೋನು ನಿಮ್ಮ ಕಂಪನಿಯ ಜೊತೆ ಒಪ್ಪಂದವಿಲ್ಲದ ನೆಟ್‌ವರ್ಕಿಗೆ ಅಂಟಿಕೊಂಡಿದೆ. ಕೊನೆಯದಾದರೆ ಸೆಟ್ಟಿಂಗ್ಸಿನಲ್ಲಿ ಆಟೊಮ್ಯಾಟಿಕ್ ತೆಗೆದು ಬೇರೆ ನೆಟ್‌ವರ್ಕ್ ಆರಿಸಿ ನೋಡಿ. ಮನೆಯ ಮೆಸೇಜ್ ಬಂದು ಬ್ಯಾಂಕಿನದ್ದು ಮಾತ್ರ ಬರದಿದ್ದರೆ, ಫೋನಿನ ಸ್ಪ್ಯಾಮ್ ಫೋಲ್ಡರ್ ನೋಡಿ. ಅಲ್ಲೂ ಇಲ್ಲದಿದ್ದರೆ ಬ್ಯಾಂಕಿಗೇ ಕೇಳಬೇಕು. ಪದೇ ಪದೇ 'ರೀಸೆಂಡ್' ಒತ್ತಬೇಡಿ. ಹಳೆಯದು ತಡವಾಗಿ ಬಂದು, ಅದನ್ನೇ ಹಾಕಿ, ತಪ್ಪೆಂದು ಖಾತೆ ಲಾಕ್ ಆಗುವುದು ಹೀಗೇ.

ಜರ್ಮನಿಯ ನಂಬರನ್ನೇ ಬ್ಯಾಂಕಿಗೆ ಕೊಟ್ಟುಬಿಟ್ಟರೆ ಆಗಲ್ವಾ? ಒಂದಷ್ಟು ಆಗುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಲ್ಲಿ ವಿದೇಶಕ್ಕೆ ಓದಲು ಹೋದವರೂ ಅನಿವಾಸಿಗಳೇ. ಹಾಗಾಗಿ ಈಗಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ, ಅನಿವಾಸಿಗಳ ಖಾತೆಯಾಗಿ ಬದಲಿಸಬೇಕು. ಕೆಲಸಕ್ಕೆ ಹೋದವರಿಗೂ ಇದೇ. ಹಾಗೆ ಬದಲಿಸಿದ ಮೇಲೆ ವಿದೇಶದ ನಂಬರಿಗೆ ಮತ್ತು ಇಮೇಲಿಗೆ ಒಟಿಪಿ ಕಳಿಸುವ ಬ್ಯಾಂಕುಗಳು ಹಲವಿವೆ. ನಿಮ್ಮ ಶಾಖೆಯಲ್ಲಿ ಹೊರಡುವ ಮೊದಲೇ ಕೇಳಿ, ಇಮೇಲ್ ಒಟಿಪಿ ಇದ್ದರೆ ಮಾಡಿಸಿಕೊಳ್ಳಿ. ಆದರೂ ಊರಿನ ನಂಬರ್ ಬಿಡುವ ಹಾಗಿಲ್ಲ. ವಿದೇಶಿ ನಂಬರಿನಲ್ಲಿ ಯುಪಿಐ ಬಳಸಲು, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2023ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಯುಎಇ, ಸಿಂಗಪುರ ಸೇರಿ ಹತ್ತು ದೇಶಗಳಿಗೆ ಅವಕಾಶ ಕೊಟ್ಟಿತು. ಆ ಹತ್ತರಲ್ಲಿ ಜರ್ಮನಿ ಇರಲಿಲ್ಲ. ಆಧಾರ್‌ಗಂತೂ ಭಾರತದ ನಂಬರೇ ಬೇಕು. ಆದಾಯ ತೆರಿಗೆ ರಿಟರ್ನ್ಸ್ ಖಾತ್ರಿಪಡಿಸಲು ಆಧಾರ್ ಒಟಿಪಿಯೇ ಸುಲಭದ ದಾರಿ.

ಸಿಮ್ಮೇ ಕಳೆದುಹೋದರೆ? ಆಗ ಆ ನಂಬರ್ ಯಾರ ಹೆಸರಿನಲ್ಲಿದೆ ಎಂಬುದು ಮುಖ್ಯವಾಗುತ್ತದೆ. ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಹೆಸರಿನಲ್ಲಿ ತಗೊಂಡ ನಂಬರಾದರೆ ಅಪ್ಪನೇ ಆಧಾರ್ ಹಿಡಿದು ಅಂಗಡಿಗೆ ಹೋಗಿ ಡೂಪ್ಲಿಕೇಟ್ ಸಿಮ್ ತಗೊಂಡು ನಿಮಗೆ ಕೊರಿಯರ್ ಮಾಡಬಹುದು. ನಿಮ್ಮ ಹೆಸರಿನಲ್ಲಿದ್ದರೆ ನಿಮ್ಮದೇ ಗುರುತು ಖಾತ್ರಿಯಾಗಬೇಕು, ಅದು ಅಲ್ಲಿಂದ ಕಷ್ಟ. ನಂಬರ್ ಯಾರ ಹೆಸರಿನಲ್ಲಿದೆ ಎಂದು ಕಂಪನಿಯ ಆ್ಯಪಿನಲ್ಲಿ ಇವತ್ತೇ ನೋಡಿಕೊಳ್ಳಿ. ನಿಮ್ಮದೇ ಹೆಸರಿದ್ದರೆ ಮೇಲೆ ಹೇಳಿದ ಇಮೇಲ್ ಒಟಿಪಿಯನ್ನು ಮಾಡಿಸದೆ ವಿಮಾನ ಹತ್ತಬೇಡಿ.